ಎ-ಲೈನ್, ಟ್ರಪೀಜ್, ಎಂಪೈರ್, ಪೆಪ್ಲಮ್, ಬಯಾಸ್: ಉಡುಪಿನ ಐದು ರೂಪಗಳು

ಎ-ಲೈನ್, ಟ್ರಪೀಜ್, ಎಂಪೈರ್ ಮತ್ತು ಪೆಪ್ಲಮ್ ಎಂಬವು ಹೆಂಗಸರ ಉಡುಪಿನ ಆಕೃತಿಗೆ, ಅಂದರೆ ತೊಟ್ಟಾಗ ದೂರದಿಂದ ಕಾಣುವ ಅದರ ಹೊರರೇಖೆಗೆ ಇರುವ ಹೆಸರುಗಳು. ಇವುಗಳ ಜೊತೆಯಲ್ಲೇ ಕೇಳಿಬರುವ ಬಯಾಸ್ ಕಟ್ ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಒಂದು ಕ್ರಮ. ಹಾಗೆ ಕತ್ತರಿಸಿದ ಉಡುಪು ಮೈಮೇಲೆ ಕೂರುವ ರೀತಿಯೇ ಬೇರೆಯಾಗುವುದರಿಂದ ಅದನ್ನೂ ಆಕೃತಿಗಳ ಸಾಲಿಗೆ ಸೇರಿಸಿ ಹೇಳುವುದು ರೂಢಿ. ಐದೂ ಹೆಸರುಗಳು ಐರೋಪ್ಯ ಉಡುಪಿನ ಲೋಕದಿಂದ, ಹೆಚ್ಚಾಗಿ ಪ್ಯಾರಿಸ್ಸಿನಿಂದ ಬಂದವು. ಇಂದು ಅವು ನಮ್ಮ ಊರುಗಳ ಸಿದ್ಧ ಉಡುಪಿನ ಅಂಗಡಿಗಳಲ್ಲೂ ಹೊಲಿಗೆ ತರಗತಿಗಳಲ್ಲೂ ದಿನಬಳಕೆಯ ಮಾತಾಗಿವೆ.

ಯಾವುದೇ ಉಡುಪನ್ನು ನೋಡಿ ಅದು ಇವುಗಳಲ್ಲಿ ಯಾವುದೆಂದು ತಿಳಿಯಬೇಕಾದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಬಟ್ಟೆ ಎಲ್ಲಿಯವರೆಗೆ ಮೈಯನ್ನು ಹಿಡಿದಿದ್ದು ಎಲ್ಲಿಂದ ಬಿಟ್ಟು ಇಳಿಯುತ್ತದೆ ಎಂಬುದು ಒಂದು. ಹಾಗೆ ಇಳಿಯುವಾಗ ಬೇಕಾಗುವ ಹೆಚ್ಚಿನ ಅಗಲ ಎಲ್ಲಿಂದ ಒದಗಿದೆ ಎಂಬುದು ಇನ್ನೊಂದು. ಮುಂದಿನ ವಿವರಣೆಯಲ್ಲಿ ಲೆಕ್ಕ ಬಂದಾಗಲೆಲ್ಲ ಒಂದೇ ಮೈಯಳತೆಯನ್ನು ಇಟ್ಟುಕೊಳ್ಳಲಾಗಿದೆ: ಎದೆ 36 ಇಂಚು, ಸೊಂಟ 30 ಇಂಚು, ದರ್ಜಿಗಳು ಸೀಟ್ ಎನ್ನುವ ನಿತಂಬದ ಸುತ್ತಳತೆ 39 ಇಂಚು.

ಎ-ಲೈನ್

ಮೇಲೆ ಕಿರಿದಾಗಿ ಆರಂಭವಾಗಿ ಕೆಳಗೆ ಒಂದೇ ಓಟದಲ್ಲಿ ಅಗಲವಾಗುತ್ತ ಹೋಗುವ ಆಕೃತಿ ಎ-ಲೈನ್. ರೋಮನ್ ಲಿಪಿಯ ‘ಎ’ ಅಕ್ಷರದ ಎರಡು ಓರೆಗೆರೆಗಳು ಅದರ ಎರಡು ಬದಿಗಳು. ಈ ಹೆಸರನ್ನು ಚಾಲ್ತಿಗೆ ತಂದವನು ಫ್ರೆಂಚ್ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್. 1955ರ ವಸಂತ ಋತುವಿನ ತನ್ನ ಸಂಗ್ರಹಕ್ಕೆ ಅವನು ಈ ಹೆಸರಿಟ್ಟ. ಅದಕ್ಕೆ ಹಿಂದಿನ ವರ್ಷ ‘ಎಚ್’, ಆ ವರ್ಷದ ಕೊನೆಗೆ ‘ವೈ’ ಎಂದು ಅವನು ಅಕ್ಷರಗಳ ಹೆಸರಿನಲ್ಲೇ ಆಕೃತಿಗಳನ್ನು ಹೊರತರುತ್ತಿದ್ದ ಕಾಲ ಅದು. ಡಿಯೋರನ ಮೂಲ ಎ-ಲೈನಿನಲ್ಲಿ ಭುಜದಿಂದಲೇ ಹಿಗ್ಗುತ್ತ ಬರುವ ಉದ್ದನೆಯ ಜಾಕೆಟ್ ಇತ್ತು, ಅದರ ಕೆಳಗೆ ಅಗಲವಾದ ನೆರಿಗೆಯ ಸ್ಕರ್ಟು. ಇಂದು ಈ ಹೆಸರು ಬಹುಮಟ್ಟಿಗೆ ಸೊಂಟದಲ್ಲಿ ಅಚ್ಚುಕಟ್ಟಾಗಿ ಕೂತು, ನೆರಿಗೆಯಾಗಲಿ ಗ್ಯಾದರ್ ಆಗಲಿ ಇಲ್ಲದೆ ಕೆಳಗೆ ಅಗಲವಾಗುವ ಸ್ಕರ್ಟಿಗೂ ಅಂಥ ಕೆಳಭಾಗವುಳ್ಳ ಫ್ರಾಕು, ಕುರ್ತಿಗಳಿಗೂ ಸಲ್ಲುತ್ತದೆ.

ನೆರಿಗೆ ಇಲ್ಲದಿರುವುದು ಇಲ್ಲಿ ಮುಖ್ಯ. ನೆರಿಗೆ ಹಿಡಿದ ಲಂಗವೂ ಕೆಳಗೆ ಅಗಲವೇ. ಆದರೆ ಅದು ಸೊಂಟದಲ್ಲೇ ಉಬ್ಬುತ್ತದೆ. ಎ-ಲೈನಿನಲ್ಲಿ ಅಗಲ ಬರುವುದು ಕತ್ತರಿಸಿದ ತುಂಡಿನ ಆಕಾರದಿಂದಲೇ. ಮೇಲಿನ ಅಳತೆಯನ್ನೇ ತೆಗೆದುಕೊಂಡರೆ, ತುಸು ಸಡಿಲ ಬಿಟ್ಟು ಸ್ಕರ್ಟಿನ ಸೊಂಟ 31 ಇಂಚು, ಅದಕ್ಕಿಂತ 8 ಇಂಚು ಕೆಳಗೆ ಸೀಟಿನ ಬಳಿ 41 ಇಂಚು ಎಂದಾಗುತ್ತದೆ. ಎಂಟು ಇಂಚು ಇಳಿಯುವಷ್ಟರಲ್ಲಿ ಸುತ್ತಳತೆ ಹತ್ತು ಇಂಚು ಬೆಳೆಯಬೇಕು. ನೇರ ಸ್ಕರ್ಟಿನಲ್ಲಿ ಈ ಹತ್ತು ಇಂಚನ್ನು ಡಾರ್ಟ್‌ಗಳಲ್ಲಿಯೂ ಬದಿಯ ಹೊಲಿಗೆಯಲ್ಲಿಯೂ ಅಡಗಿಸಿ, ಸೀಟಿನಿಂದ ಕೆಳಗೆ ಬಟ್ಟೆಯನ್ನು ನೇರವಾಗಿ ಬಿಡುತ್ತಾರೆ. ಎ-ಲೈನಿಗೆ ಕಾಗದದ ಮಾದರಿಯನ್ನು ಕೆಳಅಂಚಿನಿಂದ ಡಾರ್ಟ್‌ನ ತುದಿಯವರೆಗೆ ಸೀಳಿ, ಮೇಲೆ ಡಾರ್ಟ್ ಮುಚ್ಚುತ್ತಾರೆ. ಮೇಲೆ ಮುಚ್ಚಿದಷ್ಟೂ ಕೆಳಗೆ ಬಾಯಿ ತೆರೆದುಕೊಳ್ಳುತ್ತದೆ. ಹೀಗೆ ಡಾರ್ಟ್ ಇದ್ದ ಜಾಗದ ಅಗಲವೇ ಕೆಳಅಂಚಿಗೆ ಹೋಗಿ ಸೇರುತ್ತದೆ. ಸೊಂಟದಿಂದ ಸೀಟಿನವರೆಗಿನ ಓರೆಯನ್ನು ಹಾಗೆಯೇ ಮುಂದುವರಿಸಿದರೆ 24 ಇಂಚು ಉದ್ದದ ಸ್ಕರ್ಟಿನ ಕೆಳಅಂಚು 61 ಇಂಚಾಗುತ್ತದೆ. ಕಚೇರಿಗೆ ತೊಡುವ ಸ್ಕರ್ಟಿಗೆ ಅದು ಸ್ವಲ್ಪ ಹೆಚ್ಚು. ಆದ್ದರಿಂದ ಒಂದು ಸಣ್ಣ ಡಾರ್ಟ್ ಉಳಿಸಿಕೊಂಡು, ಬದಿಯನ್ನು ಸೀಟಿನ ಮೇಲೆ ತುಸು ಗುಂಡಾಗಿಸಿ, ಕೆಳಅಂಚನ್ನು 50ರಿಂದ 54 ಇಂಚಿನೊಳಗೆ ನಿಲ್ಲಿಸುವುದು ವಾಡಿಕೆ.

ಹೊಸದಾಗಿ ಹೊಲಿಯುವವರ ಎ-ಲೈನ್ ಕೆಡುವುದು ಸಾಮಾನ್ಯವಾಗಿ ಕೆಳಅಂಚಿನಲ್ಲಿ. ಕಾಗದದ ಮೇಲೆ ಸ್ಕೇಲಿಟ್ಟು ಕೆಳಅಂಚನ್ನು ನೇರಗೆರೆಯಾಗಿ ಎಳೆದರೆ, ಓರೆಯಾದ ಬದಿ ನಡುಗೆರೆಗಿಂತ ಉದ್ದವಾಗುತ್ತದೆ. ತೊಟ್ಟಾಗ ಎರಡೂ ಬದಿಗಳಲ್ಲಿ ಬಟ್ಟೆ ಮೂಲೆಯಾಗಿ ಜೋಲುತ್ತದೆ. ಸೊಂಟದ ಗೆರೆಯಿಂದ ಅಲ್ಲಲ್ಲಿ ಅದೇ 24 ಇಂಚನ್ನು ಅಳೆದು ಗುರುತು ಹಾಕಿಕೊಂಡರೆ ಕೆಳಅಂಚು ತಾನಾಗಿ ಬಿಲ್ಲಿನಂತೆ ಬಾಗುತ್ತದೆ, ತೊಟ್ಟಾಗ ಸಮವಾಗಿ ನಿಲ್ಲುತ್ತದೆ.

ಈ ಆಕೃತಿ ಕನ್ನಡದ ಮನೆಗಳಿಗೆ ಹೊಸದೇನಲ್ಲ. ಸೀರೆಯೊಳಗೆ ಉಡುವ ಆರು ಪೀಸಿನ ಒಳಲಂಗ ರೂಪದಲ್ಲಿ ಎ-ಲೈನೇ. ಮೇಲೆ ಕಿರಿದು, ಕೆಳಗೆ ಅಗಲವಾದ ಆರು ತುಂಡುಗಳನ್ನು ಜೋಡಿಸುವುದರಿಂದ ಸೊಂಟದಲ್ಲಿ ಗಂಟು ಕಟ್ಟುವಷ್ಟೇ ಬಟ್ಟೆ ಇದ್ದು, ಕೆಳಗೆ ಹೆಜ್ಜೆ ಹಾಕಲು ಬೇಕಾದಷ್ಟು ಅಗಲ ಸಿಗುತ್ತದೆ. ಒಂದರ ಕಿರಿದಾದ ತುದಿಯ ಪಕ್ಕ ಇನ್ನೊಂದರ ಅಗಲ ತುದಿ ಬರುವಂತೆ ತುಂಡುಗಳನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದರೆ ಬಟ್ಟೆ ಹೆಚ್ಚು ವ್ಯರ್ಥವಾಗುವುದಿಲ್ಲ. ಸೀರೆಯ ನೆರಿಗೆ ಸೊಂಟದಲ್ಲಿ ದಪ್ಪವಾಗದೆ ಪಾದದ ಬಳಿ ಚೆನ್ನಾಗಿ ಬೀಳುವುದರಲ್ಲಿ ಈ ಕತ್ತರಿಕೆಯ ಪಾಲು ದೊಡ್ಡದು.

ಟ್ರಪೀಜ್

ಎ-ಲೈನಿಗೆ ಹತ್ತಿರದ ನೆಂಟ ಟ್ರಪೀಜ್. ಇವೆರಡನ್ನೂ ಬೇರ್ಪಡಿಸುವುದು ಸೊಂಟ. ಎ-ಲೈನ್ ಸಾಮಾನ್ಯವಾಗಿ ಸೊಂಟವನ್ನು ತೋರಿಸುತ್ತದೆ, ಟ್ರಪೀಜ್ ಅದನ್ನು ಪೂರ್ತಿ ಮರೆಮಾಡುತ್ತದೆ. ಭುಜದಲ್ಲಿ ಕಿರಿದಾಗಿ ಸರಿಯಾಗಿ ಕೂತ ಉಡುಪು ಅಲ್ಲಿಂದ, ಹೆಚ್ಚೆಂದರೆ ಎದೆಯ ತುದಿಯಿಂದ, ಮೈಯನ್ನು ಬಿಟ್ಟು ಮಂಡಿಯವರೆಗೆ ಅಗಲವಾಗುತ್ತ ಇಳಿಯುತ್ತದೆ. ನಡುವೆ ಅದು ಎಲ್ಲಿಯೂ ಮೈಗೆ ತಾಗುವುದಿಲ್ಲ. ರೇಖಾಗಣಿತದ ತ್ರಾಪಿಜ್ಯದಂತೆ ಮೇಲೆ ಸಣ್ಣ ಬಾಹು, ಕೆಳಗೆ ದೊಡ್ಡ ಬಾಹು, ಬದಿಗಳಲ್ಲಿ ಎರಡು ಓರೆಗೆರೆ.

1957ರ ಅಕ್ಟೋಬರಿನಲ್ಲಿ ಡಿಯೋರ್ ತೀರಿಕೊಂಡಾಗ ಅವನ ಸಂಸ್ಥೆಯ ವಿನ್ಯಾಸದ ಹೊಣೆ 21 ವರ್ಷದ ಈವ್ ಸೇಂಟ್ ಲಾರೆಂಟ್‌ನ ಹೆಗಲೇರಿತು. 1958ರ ಜನವರಿಯಲ್ಲಿ ಅವನು ತೋರಿಸಿದ ಮೊದಲ ಸಂಗ್ರಹದ ಹೆಸರೇ ಟ್ರಪೀಜ್. ಡಿಯೋರ್ 1947ರಿಂದ ಪ್ರಸಿದ್ಧಿಗೆ ತಂದಿದ್ದ ಬಿಗಿಸೊಂಟದ ಉಡುಪುಗಳ ನಂತರ ಸೊಂಟವೇ ಕಾಣದ ಈ ಫ್ರಾಕುಗಳು ದೊಡ್ಡ ಬಿಡುಗಡೆಯಂತೆ ಕಂಡವು. ನೋಡಲು ಸರಾಗವಾಗಿದ್ದರೂ ಆ ಸಂಗ್ರಹದ ವಿಶೇಷ ಉಡುಪುಗಳು ಸಡಿಲ ಚೀಲಗಳಾಗಿರಲಿಲ್ಲ. ಕೆಲವದರ ಒಳಗೆ ಮೈಗೆ ಅಂಟಿದ ಬಿಗಿ ಒಳಕವಚವಿದ್ದು, ಹೊರಬಟ್ಟೆ ಅದಕ್ಕೆ ಜೋತು ನಿಂತು ಮೈಯಿಂದ ದೂರ ಸರಿಯುತ್ತಿತ್ತು.

ಭುಜದಿಂದ 38 ಇಂಚು ಉದ್ದದ ಟ್ರಪೀಜ್ ಫ್ರಾಕನ್ನು ನಮ್ಮ ಅಳತೆಗೆ ಹೊಲಿಯುವುದಾದರೆ ಎದೆಯ ಬಳಿ ಸಡಿಲ ಸೇರಿ 39 ಇಂಚು ಇಡಬೇಕಾಗುತ್ತದೆ. ಎದೆಯಿಂದ ಕೆಳಗೆ ಉಳಿದ 28 ಇಂಚಿನಲ್ಲಿ ಪ್ರತಿ ಇಂಚಿಗೂ ಒಂದು ಇಂಚು ಸುತ್ತಳತೆ ಹೆಚ್ಚಿಸುತ್ತ ಹೋದರೆ ಕೆಳಅಂಚು 67 ಇಂಚು. ಈ ಅಗಲವನ್ನೆಲ್ಲ ಬದಿಯ ಹೊಲಿಗೆಗೇ ಕೊಟ್ಟರೆ ಮುಂದೆ ಹಿಂದೆ ಚಪ್ಪಟೆಯಾಗಿ, ಎರಡು ಬದಿಗಳಲ್ಲಿ ಮಾತ್ರ ಬಟ್ಟೆ ರೆಕ್ಕೆಯಾಗಿ ನಿಲ್ಲುತ್ತದೆ. ಅಗ್ಗದ ಉಡುಪುಗಳಲ್ಲಿ ಇದು ಎದ್ದುಕಾಣುವ ದೋಷ. ಎದೆಯ ಡಾರ್ಟ್ ಮುಚ್ಚಿ ಮುಂಭಾಗದ ನಡುವಿನಲ್ಲೂ, ಭುಜದಿಂದ ಸೀಳಿ ಹಿಂಭಾಗದಲ್ಲೂ ಅಗಲವನ್ನು ಹಂಚಿದಾಗ ಸುತ್ತಲೂ ಒಂದೇ ಸಮನಾದ ಇಳಿತ ಬರುತ್ತದೆ. ಬಟ್ಟೆ ತುಸು ಬಿಗುವಾಗಿರಬೇಕು: ದಪ್ಪ ಹತ್ತಿ, ಉಣ್ಣೆ, ಗಟ್ಟಿ ರೇಷ್ಮೆ. ಜಾರ್ಜೆಟ್‌ನಲ್ಲಿ ಹೊಲಿದ ಟ್ರಪೀಜ್ ಮೈಗೆ ಜೋತುಬಿದ್ದು ಆಕಾರ ಕಳೆದುಕೊಳ್ಳುತ್ತದೆ. ಉಡುಪಿನ ಭಾರವೆಲ್ಲ ಭುಜದ ಮೇಲೆಯೇ ಇರುವುದರಿಂದ ಭುಜದ ಅಳತೆ ಅರ್ಧ ಇಂಚು ಹೆಚ್ಚಾದರೂ ಇಡೀ ಫ್ರಾಕು ಜಾರಿದಂತೆ ಕಾಣುತ್ತದೆ. ಕೊಂಡ ಮೇಲೆ ಬದಿ ಹಿಡಿದು ಸರಿಮಾಡಿಸಲು ಬರುವ ದೋಷವಲ್ಲ ಅದು.

ಎಂಪೈರ್

ಎಂಪೈರ್ ಎಂದರೆ ಸೊಂಟಗೆರೆಯನ್ನು ಎದೆಯ ಕೆಳಕ್ಕೆ ಏರಿಸಿದ ಉಡುಪು. ಮೇಲ್ಭಾಗ ಎದೆಗಷ್ಟೇ ಮುಗಿಯುತ್ತದೆ. ಅಲ್ಲೇ ಒಂದು ಜೋಡಣೆ ಅಥವಾ ಪಟ್ಟಿ ಬಂದು, ಅಲ್ಲಿಂದ ಕೆಳಭಾಗ ನಿಜವಾದ ಸೊಂಟವನ್ನೂ ಸೀಟನ್ನೂ ಲೆಕ್ಕಿಸದೆ ಉದ್ದಕ್ಕೆ ಇಳಿಯುತ್ತದೆ. ನಮ್ಮ ಅಳತೆಯ ಮೈಯಲ್ಲಿ ಈ ಗೆರೆ ಭುಜದಿಂದ ಸುಮಾರು 13 ಇಂಚು ಕೆಳಗೆ, ಸೊಂಟಕ್ಕಿಂತ ಸುಮಾರು 3 ಇಂಚು ಮೇಲೆ ಬರುತ್ತದೆ. ವ್ಯತ್ಯಾಸ ಮೂರೇ ಇಂಚಾದರೂ ಕಣ್ಣು ಆ ಗೆರೆಯಿಂದಲೇ ಕಾಲಿನ ಉದ್ದವನ್ನು ಅಳೆಯುವುದರಿಂದ ತೊಟ್ಟವರು ಎತ್ತರವಾಗಿ ಕಾಣುತ್ತಾರೆ.

ಹೆಸರಿನಲ್ಲಿರುವ ಸಾಮ್ರಾಜ್ಯ ನೆಪೋಲಿಯನ್ನನದು. 1804ರ ಡಿಸೆಂಬರ್ 2ರಂದು ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ನಡೆದ ಪಟ್ಟಾಭಿಷೇಕದಲ್ಲಿ ಸಾಮ್ರಾಜ್ಞಿ ಜೋಸೆಫೀನ್ ತೊಟ್ಟ ನಿಲುವಂಗಿಯ ಸೊಂಟಗೆರೆ ಎದೆಯ ಕೆಳಗೇ ಇತ್ತು. ಜಾಕ್ ಲೂಯಿ ದಾವಿದ್ ಬರೆದ ಪಟ್ಟಾಭಿಷೇಕದ ಚಿತ್ರದಲ್ಲಿ ಅದನ್ನು ನೋಡಬಹುದು. ಆದರೆ ಉಡುಪು ಸಾಮ್ರಾಜ್ಯಕ್ಕಿಂತ ಹಳೆಯದು. ಫ್ರಾನ್ಸಿನ ಕ್ರಾಂತಿಯ ನಂತರದ ವರ್ಷಗಳಲ್ಲಿ, ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಉಡುಗೆಯನ್ನು ಅನುಸರಿಸುವ ಒಲವಿನಿಂದ, ಬಿಗಿಕವಚ ಮತ್ತು ಉಬ್ಬುಲಂಗಗಳನ್ನು ಬಿಟ್ಟ ಹೆಂಗಸರು ಇದನ್ನು ತೊಡತೊಡಗಿದ್ದರು. ಆ ಉಡುಪಿಗೆ ತಕ್ಕ ಬಟ್ಟೆ ಒದಗಿದ್ದು ಭಾರತದಿಂದ. ಬಂಗಾಳದ ಢಾಕಾ ಸೀಮೆಯ ತೆಳು ಮಸ್ಲಿನ್ ಎದೆಯ ಕೆಳಗಿನಿಂದ ಸರಾಗವಾಗಿ ಇಳಿಯುತ್ತಿತ್ತು. ಆ ತೆಳು ಬಟ್ಟೆಗೆ ಯುರೋಪಿನ ಚಳಿ ತಡೆಯದೆ ಮೇಲೆ ಕಾಶ್ಮೀರದ ಶಾಲು ಹೊದೆಯುವುದೂ ರೂಢಿಯಾಯಿತು. ಜೋಸೆಫೀನ್ ಅಂಥ ಶಾಲುಗಳ ದೊಡ್ಡ ಸಂಗ್ರಹವನ್ನೇ ಇಟ್ಟಿದ್ದಳು. 1820ರ ದಶಕದಲ್ಲಿ ಸೊಂಟಗೆರೆ ಮತ್ತೆ ಕೆಳಗಿಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಾಲ್ ಪಾಯ್ರೆ ಎಂಬ ವಿನ್ಯಾಸಕ ಅದನ್ನು ಮರಳಿ ತಂದ.

ಕೆಳಭಾಗದ ಅಗಲ ಗ್ಯಾದರ್‌ನಿಂದ ಬರಬಹುದು, ಕಲಿಗಳಿಂದ ಬರಬಹುದು. ಆ ಅಗಲವನ್ನು ಎಲ್ಲಿ ಇಡುತ್ತಾರೆ ಎಂಬುದರ ಮೇಲೆ ಉಡುಪಿನ ನೋಟ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ನಿಲುವಂಗಿಗಳಲ್ಲಿ ಮುಂದುಗಡೆ ಸಪಾಟಾಗಿದ್ದು, ಗ್ಯಾದರ್ ಬಹುಪಾಲು ಬೆನ್ನಿನ ನಡುವೆ ಇರುತ್ತಿತ್ತು. ಸುತ್ತಲೂ ಸಮನಾಗಿ ಗ್ಯಾದರ್ ಹಿಡಿದರೆ ಹೊಟ್ಟೆಯ ಮೇಲೆ ಬಟ್ಟೆ ಉಬ್ಬಿ ಬಸುರಿಯಂತೆ ಕಾಣುತ್ತದೆ. ಬಸುರಿಯರ ಉಡುಪಿನಲ್ಲಿ ಈ ಆಕೃತಿ ಹೆಚ್ಚು ಬಳಕೆಯಲ್ಲಿರುವುದೂ ಇದೇ ಗುಣದಿಂದ. ಇನ್ನೊಂದು ಸಾಮಾನ್ಯ ದೋಷವೆಂದರೆ ಜೋಡಣೆಯ ಗೆರೆ ಎದೆಯ ಕೆಳಗೆ ಕೂರದೆ ಎದೆಯ ಮೇಲೆಯೇ ಅಡ್ಡಹಾಯುವುದು. ಭುಜದಿಂದ ಎದೆಯ ಕೆಳಗಿನವರೆಗೆ ಉಬ್ಬಿನ ಮೇಲಿಂದಲೇ ಟೇಪು ಹಿಡಿದು ಅಳೆಯದೆ, ಎದೆಯ ಸುತ್ತಳತೆ ನೋಡಿ ಅಂದಾಜಿನಲ್ಲಿ ಕತ್ತರಿಸಿದಾಗ ಹೀಗಾಗುತ್ತದೆ. ಮನೆಯಲ್ಲಿ ತೊಡುವ ಯೋಕ್ ನೈಟಿಯನ್ನು ಎಂಪೈರ್ ಎನ್ನಲಾಗದು. ಅದರ ಜೋಡಣೆ ಎದೆಯ ಮೇಲ್ಗಡೆ ಬರುತ್ತದೆ, ಬಟ್ಟೆ ಅಲ್ಲಿಂದಲೇ ಮೈ ಬಿಡುವುದರಿಂದ ಆಕೃತಿಯಲ್ಲಿ ಅದು ಟ್ರಪೀಜ್‌ಗೆ ಹತ್ತಿರ. ಎದೆಯ ಕೆಳಗೆ ಜೋಡಣೆಯಿದ್ದು ಅಲ್ಲಿಂದ ಕಲಿಗಳು ಹಿಗ್ಗುವ ಅನಾರ್ಕಲಿ ಕುರ್ತಾದಲ್ಲಿ ಎಂಪೈರ್ ಗೆರೆ ಮತ್ತು ಎ-ಲೈನ್ ಕತ್ತರಿಕೆ ಒಂದರೊಳಗೊಂದು ಬೆರೆತಿವೆ.

ಪೆಪ್ಲಮ್

ಸೊಂಟದಲ್ಲಿ ಬಿಗಿಯಾಗಿ ಕೂತ ಮೇಲುಡುಪಿಗೆ ಅಲ್ಲಿಂದ ಕೆಳಗೆ ಜೋಡಿಸಿದ ಗಿಡ್ಡನೆಯ, ಹಿಗ್ಗುವ ಬಟ್ಟೆಯ ಸುತ್ತು ಪೆಪ್ಲಮ್. ಉಡುಪು ಎದೆಯಿಂದ ಸೊಂಟದವರೆಗೆ ಮೈಯನ್ನು ಹಿಡಿದಿದ್ದು, ಸೊಂಟದಲ್ಲಿ ಒಮ್ಮೆಲೇ ಬಿಟ್ಟು ಸೀಟಿನ ಮೇಲೆ ಚಾಚಿಕೊಳ್ಳುತ್ತದೆ. ಪ್ರಾಚೀನ ಗ್ರೀಸಿನ ಹೆಂಗಸರು ತೊಡುತ್ತಿದ್ದ ಪೆಪ್ಲೊಸ್ ಎಂಬ ಉಡುಪಿನಲ್ಲಿ ಬಟ್ಟೆಯ ಮೇಲ್ತುದಿಯನ್ನು ಹೊರಕ್ಕೆ ಮಡಚಿ ಇಳಿಬಿಡುತ್ತಿದ್ದರು. ಹೆಸರು ಅಲ್ಲಿಂದ ಬಂದಿದೆ. ಪೆಪ್ಲಮ್ಮಿನ ಪರಿಣಾಮವನ್ನು ತೋರಿಸಲು 1947ರ ಫೆಬ್ರವರಿಯಲ್ಲಿ ಡಿಯೋರ್ ಹೊರತಂದ ‘ಬಾರ್’ ಜಾಕೆಟ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರ ಸೊಂಟ ಹಿಂಡಿದಂತಿದ್ದು, ಕೆಳಗಿನ ಸುತ್ತು ಒಳಗಿನ ಮೆತ್ತೆಯ ಬಲದಿಂದ ಹೊರಕ್ಕೆ ಚಾಚಿ ನಿಂತಿತ್ತು. ಕೆಳಗೆ ಹೀಗೆ ಹಿಗ್ಗಿದ್ದರಿಂದಲೇ ಮೇಲಿನ ಸೊಂಟ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ನೆರಿಗೆಯಿಂದಲೂ ಗ್ಯಾದರ್‌ನಿಂದಲೂ ಪೆಪ್ಲಮ್ ಮಾಡಬಹುದು. ಆದರೆ ಹೆಚ್ಚು ಅಚ್ಚುಕಟ್ಟಾಗಿ ಕಾಣುವುದು ವೃತ್ತಾಕಾರವಾಗಿ ಕತ್ತರಿಸಿದ್ದು, ನಮ್ಮ ದರ್ಜಿಗಳು ಅಂಬ್ರೆಲಾ ಕಟ್ ಎನ್ನುವ ಬಗೆ. ಸೊಂಟದ ಜೋಡಣೆ 31 ಇಂಚು ಇರಬೇಕೆಂದರೆ ಪೂರ್ಣ ವೃತ್ತದ ಒಳತ್ರಿಜ್ಯ, 31ನ್ನು 6.28ರಿಂದ ಭಾಗಿಸಿದಾಗ, ಹೆಚ್ಚುಕಡಿಮೆ 5 ಇಂಚು. ಸುತ್ತಿನ ಉದ್ದ 6 ಇಂಚಾದರೆ ಕೆಳಅಂಚು ಸುಮಾರು 69 ಇಂಚಾಗಿ ಅಲೆಅಲೆಯಾಗಿ ಬೀಳುತ್ತದೆ. ಅರ್ಧ ವೃತ್ತವಾದರೆ ಒಳತ್ರಿಜ್ಯ ಸುಮಾರು 10 ಇಂಚು, ಕೆಳಅಂಚು 50 ಇಂಚು. ಅಲೆಗಳು ಕಡಿಮೆಯಾಗಿ ಸುತ್ತು ಶಾಂತವಾಗಿ ನಿಲ್ಲುತ್ತದೆ. ಸೀರೆಯ ಮೇಲೆ ತೊಡುವ ಪೆಪ್ಲಮ್ ರವಿಕೆಗೆ ಅರ್ಧ ವೃತ್ತವೇ ಲೇಸು. ಪೂರ್ಣ ವೃತ್ತ ಸೆರಗಿನ ಅಡಿಯಲ್ಲಿ ಮುದುಡಿಕೊಳ್ಳುತ್ತದೆ.

ಪೂರ್ಣ ವೃತ್ತ ಕತ್ತರಿಸುವಾಗ ಹೊಲಿಗೆಗೆ ಬಿಡುವ ಅರ್ಧ ಇಂಚನ್ನು ಮರೆಯಬಾರದು. ಐದು ಇಂಚಿನ ಗೆರೆಯಲ್ಲೇ ಕತ್ತರಿಸಿ, ಅದರ ಅರ್ಧ ಇಂಚು ಕೆಳಗೆ ಹೊಲಿದರೆ ಜೋಡಣೆಯ ಸುತ್ತಳತೆ ಸುಮಾರು ಮೂರು ಇಂಚು ಹೆಚ್ಚಾಗಿ, ಅದನ್ನು ಸೊಂಟಕ್ಕೆ ಸೇರಿಸುವಾಗ ಬೇಡದ ಸುಕ್ಕು ಬೀಳುತ್ತದೆ. ಕತ್ತರಿ ನಾಲ್ಕೂವರೆ ಇಂಚಿನ ಗೆರೆಯಲ್ಲಿ ಹೋಗಬೇಕು. ಜೋಡಣೆ ನಿಜವಾದ ಸೊಂಟಕ್ಕಿಂತ ಒಂದೆರಡು ಇಂಚು ಕೆಳಗೆ ಬಂದರೂ ಪೆಪ್ಲಮ್ ಕೆಡುತ್ತದೆ: ಹಿಗ್ಗುವಿಕೆ ಸೀಟಿನ ಅಗಲಕ್ಕೆ ಇನ್ನಷ್ಟು ಹತ್ತಿರ ಶುರುವಾಗಿ ಮೈಯನ್ನು ಇನ್ನಷ್ಟು ಅಗಲ ಮಾಡುತ್ತದೆ.

ಬಯಾಸ್ ಕಟ್

ನೇಯ್ದ ಬಟ್ಟೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಸಾಮಾನ್ಯ ಉಡುಪಿನಲ್ಲಿ ಹಾಸಿನ ದಾರ ಮೈಯ ಉದ್ದಕ್ಕೆ ಇರುವಂತೆ ಕತ್ತರಿಸುತ್ತಾರೆ. ಈ ದಾರಗಳಿಗೆ 45 ಡಿಗ್ರಿ ಓರೆಯಾದ ದಿಕ್ಕು ಮೈಯ ಉದ್ದಕ್ಕೆ ಬರುವಂತೆ ಇಟ್ಟು ಕತ್ತರಿಸುವುದೇ ಬಯಾಸ್ ಕಟ್. ನಮ್ಮಲ್ಲಿ ದರ್ಜಿಗಳ ಮಾತಿನಲ್ಲಿ ಅದು ಕ್ರಾಸ್ ಕಟ್.

ಒಂದು ಹತ್ತಿಯ ಕರ್ಚೀಫು ಹಿಡಿದು ಅಂಚಿನಗುಂಟ ಎಳೆದರೆ ಅದು ಹಿಗ್ಗುವುದಿಲ್ಲ, ಏಕೆಂದರೆ ಎಳೆತ ನೇರವಾಗಿ ದಾರದ ಮೇಲೆ ಬೀಳುತ್ತದೆ. ಎದುರುಬದುರು ಮೂಲೆ ಹಿಡಿದು ಎಳೆದರೆ ಉದ್ದವಾಗುತ್ತದೆ, ಜೊತೆಗೆ ನಡುವೆ ಕಿರಿದಾಗುತ್ತದೆ. ಹಾಸು ಹೊಕ್ಕುಗಳ ನಡುವಿನ ಪುಟ್ಟ ಚೌಕಗಳು ವಾಲಿ ವಜ್ರದಾಕಾರಕ್ಕೆ ತಿರುಗುವುದು ಅದಕ್ಕೆ ಕಾರಣ. ಬಯಾಸ್ ಕಟ್ ಉಡುಪಿನಲ್ಲಿ ಎಳೆಯುವ ಕೆಲಸವನ್ನು ಬಟ್ಟೆಯ ಭಾರವೇ ಮಾಡುತ್ತದೆ. ಕೆಳಗೆ ಜಗ್ಗಿದಷ್ಟೂ ಅದು ಅಡ್ಡಕ್ಕೆ ಕುಗ್ಗಿ ಸೊಂಟದ ತಗ್ಗಿನೊಳಕ್ಕೆ ಇಳಿಯುತ್ತದೆ, ಸೀಟಿನ ಉಬ್ಬು ಬಂದಲ್ಲಿ ತಾನೇ ಹಿಗ್ಗಿ ದಾರಿ ಕೊಡುತ್ತದೆ. ಆದ್ದರಿಂದ ಡಾರ್ಟ್ ಇಲ್ಲದೆ, ಕೆಲವೊಮ್ಮೆ ಜಿಪ್ ಕೂಡ ಇಲ್ಲದೆ, ಉಡುಪು ಮೈಯ ಏರಿಳಿತವನ್ನು ಅನುಸರಿಸುತ್ತದೆ. ಮಂಡಿಯಿಂದ ಕೆಳಗೆ, ಮೈ ಕಿರಿದಾದಲ್ಲಿ, ಅದೇ ಬಟ್ಟೆ ಮೃದುವಾದ ಅಲೆಗಳಾಗಿ ಬಿಚ್ಚಿಕೊಳ್ಳುತ್ತದೆ.

ಕೊರಳಪಟ್ಟಿಯಂಥ ಸಣ್ಣ ಭಾಗಗಳಿಗೆ ಓರೆ ಬಟ್ಟೆಯನ್ನು ಬಳಸುವುದು ಹಿಂದಿನಿಂದಲೂ ಇತ್ತು. ಇಡೀ ಉಡುಪನ್ನೇ ಓರೆಯಲ್ಲಿ ಕತ್ತರಿಸುವುದನ್ನು ಒಂದು ಕಲೆಯಾಗಿ ಬೆಳೆಸಿದವಳು ಪ್ಯಾರಿಸ್ಸಿನ ಮ್ಯಾಡಲೀನ್ ವಿಯೊನೆ. 1876ರಲ್ಲಿ ಹುಟ್ಟಿದ ಆಕೆ 1912ರಲ್ಲಿ ಸ್ವಂತ ಸಂಸ್ಥೆ ತೆರೆದಳು. ಮೊದಲ ಮಹಾಯುದ್ಧದ ಕಾಲದಲ್ಲಿ ನಿಂತ ಅದನ್ನು ನಂತರ ಮತ್ತೆ ನಡೆಸಿ, 1939ರಲ್ಲಿ ಮುಚ್ಚಿದಳು. ಆಕೆಯ ಕೆಲಸ ಕಾಗದದ ಮೇಲಿನ ಚಿತ್ರದಿಂದ ಶುರುವಾಗುತ್ತಿರಲಿಲ್ಲ. ಚಿಕ್ಕ ಮರದ ಬೊಂಬೆಯೊಂದರ ಮೇಲೆ ಬಟ್ಟೆಯನ್ನು ಸುತ್ತಿ, ತಿರುಗಿಸಿ, ಅದು ಹೇಗೆ ಬೀಳುತ್ತದೆಂದು ನೋಡಿದ ಮೇಲೆ ಅದನ್ನು ದೊಡ್ಡದು ಮಾಡುತ್ತಿದ್ದಳು. ಉಡುಪಿನ ಇತಿಹಾಸದಲ್ಲಿ ಬಟ್ಟೆಯ ಸ್ವಭಾವವನ್ನು ಇಷ್ಟು ಚೆನ್ನಾಗಿ ಅರಿತವರು ವಿರಳ. 1930ರ ದಶಕದ ಹಾಲಿವುಡ್ ಚಿತ್ರಗಳಲ್ಲಿ ನಟಿಯರು ತೊಟ್ಟ ಸ್ಯಾಟಿನ್ ನಿಲುವಂಗಿಗಳು ಈ ಕತ್ತರಿಕೆಯನ್ನು ಲೋಕಕ್ಕೆಲ್ಲ ಪರಿಚಯಿಸಿದವು.

ವಿಯೊನೆ ಸಾಮಾನ್ಯಕ್ಕಿಂತ ಹೆಚ್ಚು ಅಗಲದ ಕ್ರೇಪನ್ನು ನೇಯಿಸಿಕೊಳ್ಳುತ್ತಿದ್ದಳು. ಅದರ ಕಾರಣ ಲೆಕ್ಕದಿಂದ ತಿಳಿಯುತ್ತದೆ. ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು ಎಂದಿರಲಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 45 ಡಿಗ್ರಿಯಲ್ಲಿ ಎಳೆದ ಗೆರೆಯ ಉದ್ದ ಸುಮಾರು 62 ಇಂಚು. ಆ ಓರೆಯಲ್ಲಿ ಕತ್ತರಿಸುವ ಆಯತದ ಉದ್ದವೂ ಅಗಲವೂ ಸೇರಿ ಈ 62 ಇಂಚನ್ನು ಮೀರುವಂತಿಲ್ಲ. ಸೀಟಿನ ಬಳಿ 41 ಇಂಚು ಬೇಕಾದ ಉಡುಪಿಗೆ ಮುಂದಿನ ತುಂಡಿನ ಅಗಲ ಸುಮಾರು 21 ಇಂಚಾದರೆ, ಉದ್ದಕ್ಕೆ ಉಳಿಯುವುದು 41 ಇಂಚು ಮಾತ್ರ. ಭುಜದಿಂದ ಪಾದದವರೆಗಿನ ನಿಲುವಂಗಿ ಇದರಲ್ಲಿ ಆಗುವುದಿಲ್ಲ. ಒಂದೋ ಹೆಚ್ಚು ಪನ್ನದ ಬಟ್ಟೆ ಬೇಕು, ಇಲ್ಲವೇ ನಡುವೆ ಜೋಡಣೆ ಕೊಡಬೇಕು. ಮೂಲೆಗಳಲ್ಲಿ ತ್ರಿಕೋನದ ತುಂಡುಗಳು ವ್ಯರ್ಥವಾಗುವುದೂ ಸೇರಿ ಬಯಾಸ್ ಕಟ್ ಉಡುಪು ಎಂದಿಗೂ ದುಬಾರಿ.

ಹೊಲಿಯುವಾಗಿನ ಕಷ್ಟವೂ ಹಿಗ್ಗುವ ಗುಣದಿಂದಲೇ ಬರುತ್ತದೆ. ತುಂಡು ಮೇಜಿನಂಚಿನಿಂದ ಜೋತುಬಿದ್ದರೂ ಸಾಕು, ಉದ್ದವಾಗಿಬಿಡುತ್ತದೆ. ಹೊಲಿಗೆಯ ದಾರ ಹಿಗ್ಗದೆ ಬಟ್ಟೆ ಮಾತ್ರ ಹಿಗ್ಗಿದರೆ ತೊಟ್ಟಾಗ ಹೊಲಿಗೆ ಎಳೆದುಕೊಂಡು ಸುಕ್ಕಾಗುತ್ತದೆ. ಆದ್ದರಿಂದ ಬಟ್ಟೆಯನ್ನು ಸ್ವಲ್ಪವೇ ಎಳೆದು ಹಿಡಿದು ಹೊಲಿಯುತ್ತಾರೆ, ಅಥವಾ ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕುತ್ತಾರೆ. ಕೆಳಅಂಚನ್ನಂತೂ ಒಡನೆ ಮಡಚಲೇಬಾರದು. ಉಡುಪನ್ನು ಕನಿಷ್ಠ ಒಂದು ದಿನ ತೂಗುಹಾಕಿದರೆ ಓರೆ ಹೆಚ್ಚಿರುವ ಕಡೆ ಬಟ್ಟೆ ಒಂದೊಂದು ಇಂಚು ಕೆಳಗಿಳಿಯುವುದು ಕಾಣುತ್ತದೆ. ಅದನ್ನು ತೊಟ್ಟವರು ನಿಂತಾಗ ನೆಲದಿಂದ ಅಳೆದು ಸಮ ಮಾಡಿದ ಮೇಲೆ ಹೆಮ್ಮಿಂಗ್. ತೊಟ್ಟ ಉಡುಪು ನಡೆದಂತೆ ಒಂದೇ ಕಡೆಗೆ ತಿರುಚಿಕೊಂಡರೆ ತುಂಡುಗಳನ್ನು ಸರಿಯಾದ 45 ಡಿಗ್ರಿಯಲ್ಲಿ ಇಟ್ಟಿರಲಿಲ್ಲ ಎಂದು ತಿಳಿಯಬಹುದು.

ಭಾರತದಲ್ಲಿ ಓರೆಯ ಕತ್ತರಿಕೆ ಪ್ಯಾರಿಸ್ಸಿನ ನೆರವಿಲ್ಲದೆ ನೆಲೆಯೂರಿದೆ. ಚೂಡಿದಾರದ ಪೈಜಾಮ ಅದರ ಒಳ್ಳೆಯ ನಿದರ್ಶನ. ಬಟ್ಟೆಯನ್ನು ಚೀಲದಂತೆ ಓರೆಯಾಗಿ ಹೊಲಿದುಕೊಂಡು ಕಾಲುಗಳನ್ನು ಕತ್ತರಿಸುವುದರಿಂದ, ಎಲಾಸ್ಟಿಕ್ ದಾರವೇ ಇಲ್ಲದ ಹತ್ತಿಯ ಬಟ್ಟೆ ಮೀನಖಂಡಕ್ಕೆ ಅಂಟಿ ಕೂರುತ್ತದೆ, ಕೂತು ಎದ್ದರೂ ಹರಿಯುವುದಿಲ್ಲ. ಕಾಲಿಗಿಂತ ಹೆಚ್ಚಿನ ಉದ್ದ ಕಣಕಾಲಿನ ಬಳಿ ಬಳೆಗಳಂತೆ ಸೇರುತ್ತದೆ. ಲೈಕ್ರಾ ಬೆರೆಸಿದ ಲೆಗ್ಗಿಂಗ್ಸ್ ಬಂದ ಮೇಲೆ ಈ ಹೊಲಿಗೆಗೆ ಬೇಡಿಕೆ ಕಡಿಮೆಯಾಗಿದೆ. ಮುಂಭಾಗವನ್ನು ಓರೆಯಲ್ಲಿ ಕತ್ತರಿಸುವ ಕ್ರಾಸ್ ಕಟ್ ರವಿಕೆಯೂ, ರವಿಕೆಯ ದುಂಡು ಕೊರಳಿಗೆ ಸುಕ್ಕಿಲ್ಲದೆ ತಿರುಗುವ ಕ್ರಾಸ್ ಪಟ್ಟಿಯೂ ಇಂದಿಗೂ ಕರ್ನಾಟಕದ ದರ್ಜಿ ಅಂಗಡಿಗಳ ನಿತ್ಯದ ಕೆಲಸ.